ಪಡುಗಾಳಿ ಬರುವ ಮುಂಚಿನ ಒಂದು ಪೀರಿಯಡ್

ಮಾರ್ಚ್ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ಸೆಕೆ ಹೆಚ್ಚು ಕಾಡುವುದು ಮಧ್ಯಾಹ್ನ ಎಂದು ಹೊರಗಿನವರು ಊಹಿಸುತ್ತಾರೆ. ಅಲ್ಲಿ ಪಾಠ ಮಾಡುವವರು ಬೇರೆ ಹೊತ್ತನ್ನು ಹೇಳುತ್ತಾರೆ. ರಾತ್ರಿಯಿಡೀ ನೆಲದಿಂದ ಕಡಲಿನ ಕಡೆಗೆ ಬೀಸುವ ಮೂಡುಗಾಳಿ ಬಿಸಿಲೇರುತ್ತಿದ್ದಂತೆ ಸೋಲುತ್ತದೆ. ನೆಲ ಚೆನ್ನಾಗಿ ಕಾಯುವ ತನಕ ಕಡಲ ಕಡೆಯ ಪಡುಗಾಳಿ ಏಳುವುದಿಲ್ಲ. ಇವೆರಡರ ನಡುವೆ, ಬೆಳಗಿನ ಹತ್ತು ಗಂಟೆಯ ಆಚೀಚೆ, ತೆಂಗಿನ ಗರಿ ಅಲ್ಲಾಡದ ಹೊತ್ತೊಂದಿದೆ. ಮಕ್ಕಳೆಲ್ಲ ತರಗತಿಯೊಳಗೆ ಕೂತು ಅರ್ಧ ಗಂಟೆಯಾಗಿರುತ್ತದೆ, ಬೆನ್ನಿಗೆ ಅಂಗಿ ಅಂಟತೊಡಗಿರುತ್ತದೆ.

ಶಾಲೆಗೆ ಎಷ್ಟು ಕಿಟಕಿ ಬೇಕು, ಎಷ್ಟು ದೊಡ್ಡದು ಬೇಕು ಎಂಬ ಲೆಕ್ಕ ಶುರುವಾಗಬೇಕಾದ್ದು ಈ ಹೊತ್ತಿನಿಂದಲೇ. ಆದರೆ ಕಟ್ಟಡದ ನಕ್ಷೆ ತಯಾರಾಗುವಾಗ ಸಾಮಾನ್ಯವಾಗಿ ನಡೆಯುವುದು ಬೇರೆ. ನೆಲದ ವಿಸ್ತೀರ್ಣದ ಇಂತಿಷ್ಟು ಪಾಲು ಕಿಟಕಿ ಇರಲಿ ಎಂಬ ನಿಯಮವನ್ನು ನೋಡಿ, ಅಷ್ಟು ಚೌಕಟ್ಟುಗಳನ್ನು ಗೋಡೆಯಲ್ಲಿ ಗುರುತಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ ಚೌಕಟ್ಟಿನೊಳಗೆ ಗಾಳಿ ನುಗ್ಗಲು ನಿಜವಾಗಿ ಎಷ್ಟು ಜಾಗ ಉಳಿಯುತ್ತದೆ, ಗಾಳಿಯೇ ಇಲ್ಲದಾಗ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳು ಕೇಳದೆಯೇ ಉಳಿದುಬಿಡುತ್ತವೆ.

ಲೆಕ್ಕ ಮಾಡಿ ನೋಡಲು ಕರಾವಳಿಯಲ್ಲಿ ಎಲ್ಲೂ ಕಾಣಸಿಗುವಂಥ ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, 3.6 ಮೀಟರ್ ಎತ್ತರ. ಮೇಲೆ ಕಾಂಕ್ರೀಟ್ ತಾರಸಿ. ಒಂದು ಉದ್ದದ ಗೋಡೆ ಪಡುವಣಕ್ಕೆ, ಇನ್ನೊಂದು ಮೂಡಣದ ಜಗಲಿಗೆ. ಒಳಗೆ 40 ಮಕ್ಕಳು, ಒಬ್ಬರು ಟೀಚರ್.

ಮೊದಲನೆಯದು ಉಸಿರಿನ ಲೆಕ್ಕ. ಹತ್ತು ಹನ್ನೆರಡು ವರ್ಷದ ಮಗು ಬೆಂಚಿನಲ್ಲಿ ಕೂತಿದ್ದರೆ ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಟೀಚರನ್ನೂ ಸೇರಿಸಿದರೆ ಇಡೀ ತರಗತಿಯಿಂದ ಗಂಟೆಗೆ 620 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇರುತ್ತದೆ. ಕೋಣೆಯಲ್ಲಿ ಅದು 1000 ದಾಟಬಾರದು ಎಂದು ಗುರಿ ಇಟ್ಟುಕೊಂಡರೆ ಗಂಟೆಗೆ ಸಾವಿರ ಘನ ಮೀಟರಿಗಿಂತ ತುಸು ಹೆಚ್ಚು ಹೊಸ ಗಾಳಿ ಬರಬೇಕು. ಸೆಕೆಂಡಿನ ಲೆಕ್ಕದಲ್ಲಿ 0.3 ಘನ ಮೀಟರ್. ಇದೇನೂ ದೊಡ್ಡ ಮೊತ್ತವಲ್ಲ.

ಸೆಕೆಯ ಲೆಕ್ಕ ಹಾಗಲ್ಲ. ಕೂತ ಮಗುವಿನ ಮೈಯಿಂದ ಸುಮಾರು 50 ವಾಟ್ ಶಾಖ ಕೋಣೆಯ ಗಾಳಿಗೆ ಸೇರುತ್ತದೆ, ಬೆವರಿನ ಮೂಲಕ ಹೋಗುವುದು ಬೇರೆ. ನಲವತ್ತು ಮಕ್ಕಳಿಗೆ 2000 ವಾಟ್. ಟೀಚರ್, ಫ್ಯಾನು, ಲೈಟು ಸೇರಿ ಇನ್ನು 400. ಉಳಿದದ್ದು ತಾರಸಿಯ ಕೊಡುಗೆ. ಬೆಳಗ್ಗೆ ಹತ್ತಕ್ಕೆ ಕಾಂಕ್ರೀಟ್ ಇನ್ನೂ ಪೂರ್ತಿ ಕಾದಿರುವುದಿಲ್ಲವಾದ್ದರಿಂದ 500 ವಾಟ್ ಎಂದಿಟ್ಟುಕೊಳ್ಳಬಹುದು. ಮಧ್ಯಾಹ್ನ ಎರಡೂವರೆಗೆ, ಮೇಲೆ ಏನೂ ಹೊದಿಸದ ತಾರಸಿಯಾದರೆ, ಅದು 1900ಕ್ಕೆ ಏರಬಹುದು. ಅಂದರೆ ಬೆಳಗ್ಗೆ 2900 ವಾಟ್, ಮಧ್ಯಾಹ್ನ 4300.

ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1200 ಜೂಲ್ ಶಾಖ ಸಾಕು. ಕೋಣೆಯ ಒಳಗು ಹೊರಗಿಗಿಂತ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಬೆಳಗ್ಗೆ ಸೆಕೆಂಡಿಗೆ 1.2 ಘನ ಮೀಟರ್ ಗಾಳಿ ಹಾದುಹೋಗಬೇಕು, ಮಧ್ಯಾಹ್ನ 1.8. ಉಸಿರಿಗೆ ಬೇಕಾದದ್ದಕ್ಕಿಂತ ಇದು ನಾಲ್ಕರಿಂದ ಆರು ಪಟ್ಟು ಹೆಚ್ಚು. ಚಳಿ ದೇಶಗಳಲ್ಲಿ ಶಾಲೆಯ ಕಿಟಕಿಯ ಅಳತೆಯನ್ನು ಬಹುಮಟ್ಟಿಗೆ ಉಸಿರಿನ ಲೆಕ್ಕವೇ ತೀರ್ಮಾನಿಸಬಹುದು; ನಮ್ಮಂಥ ಸೆಕೆಯ ನಾಡಿನಲ್ಲಿ ತೀರ್ಮಾನಿಸುವುದು ಶಾಖ.

ಇಷ್ಟು ಗಾಳಿಯನ್ನು ಒಳಗೆ ತರುವ ಶಕ್ತಿಗಳು ಎರಡೇ: ಹೊರಗಿನ ಗಾಳಿಯ ನೂಕು ಮತ್ತು ಬಿಸಿ ಗಾಳಿ ಹಗುರಾಗಿ ಮೇಲೇರುವ ಗುಣ.

ಗಾಳಿಯ ನೂಕಿಗೆ ಭಾರತೀಯ ಮಾನಕ ಬ್ಯೂರೋ 1987ರಲ್ಲಿ ಹೊರತಂದ ಎಸ್‌ಪಿ 41 ಎಂಬ ಕೈಪಿಡಿಯಲ್ಲಿ ಸರಳ ಸೂತ್ರವೊಂದಿದೆ. ನಮ್ಮ ಎಂಜಿನಿಯರುಗಳು ಮೊದಲ ಅಂದಾಜಿಗೆ ಇಂದಿಗೂ ಬಳಸಬಹುದಾದ ಸೂತ್ರ ಅದು:

```
Q = K × A × V
```

ಇಲ್ಲಿ A ಎಂದರೆ ಗಾಳಿ ಹೋಗಬಲ್ಲ ತೆರಪಿನ ವಿಸ್ತೀರ್ಣ, V ಗಾಳಿಯ ವೇಗ. ಗಾಳಿ ಗೋಡೆಗೆ ನೇರ ಬಡಿದರೆ K ಬೆಲೆ 0.6, ಓರೆಯಾಗಿ ಬಂದರೆ 0.3. ಒಳಬರುವ ತೆರಪು ಮತ್ತು ಹೊರಹೋಗುವ ತೆರಪು ಬೇರೆ ಬೇರೆ ಅಳತೆಯವಾದರೆ ಚಿಕ್ಕದನ್ನು A ಎಂದು ಹಿಡಿಯಬೇಕು. ಬರಿ ಪಡುವಣ ಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನಿಟ್ಟು ಜಗಲಿಯ ಕಡೆ ಒಂದು ಬಾಗಿಲಷ್ಟೇ ಬಿಟ್ಟರೆ, ಆ ಬಾಗಿಲಿನ ಅಳತೆಯೇ ಇಡೀ ಕೋಣೆಯ ಗಾಳಿಯ ಅಳತೆ. ಟೀಚರ್ ಗದ್ದಲ ತಡೆಯಲು ಅದನ್ನು ಮುಚ್ಚಿದರೆ ಪಡುವಣದ ಕಿಟಕಿಗಳಿಂದ ಬರುವ ಗಾಳಿಗೆ ಹೋಗಲು ದಾರಿಯಿಲ್ಲ, ಹಾಗಾಗಿ ಅದು ಬರುವುದೂ ಇಲ್ಲ.

V ಎಷ್ಟು ಎಂಬುದರಲ್ಲಿ ಎಚ್ಚರ ಬೇಕು. ಹವಾಮಾನ ಇಲಾಖೆಯ ಗಾಳಿಯ ವೇಗವನ್ನು ಬಯಲಿನಲ್ಲಿ, ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ ಅಳೆಯುವುದು ವಾಡಿಕೆ. ಮಂಗಳೂರಿನ ವಿಮಾನ ನಿಲ್ದಾಣವಂತೂ ಬಜ್ಪೆಯ ಗುಡ್ಡದ ಮೇಲಿದೆ. ತೆಂಗಿನ ತೋಟ, ಕಾಂಪೌಂಡ್ ಗೋಡೆ, ಪಕ್ಕದ ಮನೆಗಳ ನಡುವೆ ಕೂತ ಶಾಲೆಯ ಕಿಟಕಿಯ ಮಟ್ಟಕ್ಕೆ ಆ ವೇಗದ ಅರ್ಧ ಅಥವಾ ಮೂರನೇ ಒಂದು ಪಾಲು ತಲುಪಿದರೆ ಹೆಚ್ಚು. ಹಾಗಾಗಿ ನಮ್ಮ ತರಗತಿಗೆ ಮಧ್ಯಾಹ್ನದ ಪಡುಗಾಳಿ ಸೆಕೆಂಡಿಗೆ ಒಂದು ಮೀಟರ್ ಎಂದು ಜಿಪುಣತನದಿಂದಲೇ ಹಿಡಿಯೋಣ. K ಬೆಲೆಯನ್ನೂ 0.3 ಎಂದೇ ಇಟ್ಟುಕೊಳ್ಳುವುದು ಕ್ಷೇಮ, ಯಾಕೆಂದರೆ 0.6 ಎಂಬುದು ಅಡ್ಡಿಯಿಲ್ಲದ ಬಯಲಿನ ಕಟ್ಟಡಕ್ಕಷ್ಟೇ ಒಪ್ಪುತ್ತದೆ. 1.8 ಘನ ಮೀಟರ್ ಗಾಳಿಗೆ 0.3ರಿಂದ ಭಾಗಿಸಿದರೆ ಉತ್ತರ ಆರು. ಒಂದೊಂದು ಗೋಡೆಗೆ ಆರು ಚದರ ಮೀಟರ್, ಎರಡೂ ಸೇರಿ 12. ಕೋಣೆಯ ನೆಲ 48 ಚದರ ಮೀಟರ್ ಆದ್ದರಿಂದ ಇದು ಅದರ ಕಾಲು ಭಾಗ. ಒಟ್ಟು ತೆರಪು ನೆಲದ ಶೇಕಡಾ 20ರಿಂದ 30ರಷ್ಟಿದ್ದರೆ ಒಳಗಿನ ಗಾಳಿಯ ವೇಗ ಹೊರಗಿನದರ ಶೇಕಡಾ 30ರಷ್ಟು ಸಿಗುತ್ತದೆ, ಅದಕ್ಕಿಂತ ದೊಡ್ಡ ಕಿಟಕಿಯಿಟ್ಟರೆ ವೇಗ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂದು ಅದೇ ಕೈಪಿಡಿ ಹೇಳುತ್ತದೆ. ಎರಡು ಬೇರೆ ದಾರಿಯಿಂದ ಬಂದ ಲೆಕ್ಕಗಳು ಒಂದೇ ಕಡೆ ಬಂದು ನಿಲ್ಲುತ್ತವೆ.

ಆರು ಚದರ ಮೀಟರ್ ಎಂದರೆ ನಕ್ಷೆಯ ಮೇಲಿನ ಆರಲ್ಲ, ಇದನ್ನು ಒತ್ತಿ ಹೇಳಬೇಕು. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಒಂದು ಕಿಟಕಿಯನ್ನು ತೆಗೆದುಕೊಳ್ಳಿ. ಗೋಡೆಯಲ್ಲಿ ಬಿಟ್ಟ ಕಂಡಿ 1.8 ಚದರ ಮೀಟರ್. ಚೌಕಟ್ಟು ಮತ್ತು ನಡುಪಟ್ಟಿ ಅದರಲ್ಲಿ ಶೇಕಡಾ 15ರಷ್ಟನ್ನು ನುಂಗುತ್ತವೆ, ಕಬ್ಬಿಣದ ಸರಳುಗಳು ಇನ್ನು ಹತ್ತು ಹನ್ನೆರಡರಷ್ಟನ್ನು. ಕದಗಳು ಪೂರ್ತಿ ಹೊರಕ್ಕೆ ತೆರೆಯುವ ಹಳೆಯ ಮಾದರಿಯಾದರೆ 1.35 ಉಳಿಯುತ್ತದೆ. ಅದೇ ಕಂಡಿಗೆ ಈಗ ಎಲ್ಲೆಡೆ ಹಾಕುತ್ತಿರುವ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಕೂರಿಸಿದರೆ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ, 0.67. ಸೊಳ್ಳೆಪರದೆ ಹಾಕಿದರೆ ಗಾಳಿಯ ಹರಿವು ಇನ್ನೂ ಮೂರನೇ ಒಂದರಿಂದ ಅರ್ಧದ ತನಕ ಕುಗ್ಗುತ್ತದೆ. ಕೊನೆಗೆ ಉಳಿದದ್ದು ಸುಮಾರು 0.4. ನಕ್ಷೆಯಲ್ಲಿ, ಬಿಲ್ಲಿನಲ್ಲಿ, ಅನುಮೋದನೆಯ ಕಡತದಲ್ಲಿ ಮಾತ್ರ ಎರಡೂ ಕಿಟಕಿಗಳು 1.8 ಚದರ ಮೀಟರೇ.

ನಮ್ಮ ತರಗತಿಗೆ ತೆರೆಯುವ ಕದದ ಕಿಟಕಿಗಳಾದರೆ ಪಡುವಣಕ್ಕೆ ಐದು, ಜಗಲಿಯ ಕಡೆ ನಾಲ್ಕು ಮತ್ತು ಒಂದು ಬಾಗಿಲು ಸಾಕು. ಐದು ಕಿಟಕಿಗೆ ಆರು ಮೀಟರ್ ಗೋಡೆ ಬೇಕು, ಎಂಟು ಮೀಟರಿನಲ್ಲಿ ಅದು ಹಿಡಿಯುತ್ತದೆ. ಸ್ಲೈಡಿಂಗ್ ಮತ್ತು ಪರದೆಯಾದರೆ ಒಂದು ಗೋಡೆಗೇ 15 ಕಿಟಕಿ ಬೇಕಾಗುತ್ತದೆ, ಅಷ್ಟು ಗೋಡೆ ಇಲ್ಲ. ಐದೇ ಇಟ್ಟರೆ ಗಾಳಿ 0.6 ಘನ ಮೀಟರಿಗೆ ಇಳಿದು, ಮಧ್ಯಾಹ್ನ ಕೋಣೆ ಹೊರಗಿಗಿಂತ ಎರಡಲ್ಲ, ಆರು ಡಿಗ್ರಿ ಬಿಸಿಯಾಗುತ್ತದೆ. ಡೆಂಗಿ, ಮಲೇರಿಯಾ ಕಾಡುವ ಊರಿನಲ್ಲಿ ಪರದೆಯೇ ಬೇಡ ಎನ್ನಲಾಗದು. ಪರದೆ ಬೇಕೆಂದಾದರೆ ಅದಕ್ಕೆ ತಕ್ಕಂತೆ ತೆರಪನ್ನು ಮೊದಲೇ ದೊಡ್ಡದು ಮಾಡಬೇಕು. ಸ್ಲೈಡಿಂಗ್ ಚೌಕಟ್ಟನ್ನಂತೂ ಶಾಲೆಗೆ ಬಿಟ್ಟೇ ಬಿಡಬೇಕು. ಜಾಲಂಧ್ರಕ್ಕೂ ಇದೇ ಮಾತು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣದಲ್ಲಿ ಲಾರಿ ಬೇಕರ್ ಇಟ್ಟಿಗೆಯಲ್ಲೇ ಕಟ್ಟಿದ ಜಾಲಿ ಗೋಡೆಗಳಿವೆ. ಅಲ್ಲಿ ಗೋಡೆಯ ಉದ್ದಕ್ಕೂ ತೂತುಗಳು ಹರಡಿರುವುದರಿಂದ ಒಟ್ಟು ತೆರಪು ಸಾಕಷ್ಟಾಗುತ್ತದೆ. ಅದನ್ನು ನೋಡಿ ಬಂದು ಒಂದು ಚದರ ಮೀಟರಿನ ಸಿಮೆಂಟ್ ಜಾಲಿ ಕೂರಿಸಿ, ಅದನ್ನು ಒಂದು ಚದರ ಮೀಟರ್ ತೆರಪು ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ತೂತುಗಳನ್ನು ಅಳೆದು ಕೂಡಬೇಕು.

ಈಗ ಮತ್ತೆ ಬೆಳಗಿನ ಹತ್ತು ಗಂಟೆ. V ಸೊನ್ನೆ, ಆದ್ದರಿಂದ ಮೇಲಿನ ಸೂತ್ರದ ಉತ್ತರವೂ ಸೊನ್ನೆ. ಆಗ ಉಳಿಯುವುದು ಮಕ್ಕಳ ಮೈಶಾಖವೇ ಎಬ್ಬಿಸುವ ಹರಿವು. ಅದಕ್ಕೂ ಕೈಪಿಡಿಯಲ್ಲಿ ಸೂತ್ರವಿದೆ:

```
Q = 7.0 × A × √(h × ΔT)
```

ಇಲ್ಲಿ Q ನಿಮಿಷಕ್ಕೆ ಘನ ಮೀಟರುಗಳಲ್ಲಿ ಬರುತ್ತದೆ. h ಎಂದರೆ ಕೆಳಗಿನ ಮತ್ತು ಮೇಲಿನ ತೆರಪುಗಳ ನಡುಮಟ್ಟಗಳ ಅಂತರ, ΔT ಒಳಗು ಹೊರಗಿನ ಉಷ್ಣತೆಯ ವ್ಯತ್ಯಾಸ. ಸೆಕೆಯ ನಾಡಿನ ಕಷ್ಟ ಈ ವರ್ಗಮೂಲದೊಳಗೇ ಇದೆ. ಯುರೋಪಿನ ಚಳಿಗಾಲದಲ್ಲಿ ಒಳಗು ಹೊರಗಿನ ವ್ಯತ್ಯಾಸ 15 ಡಿಗ್ರಿ ಇರಬಹುದು, ಗಾಳಿ ತಾನೇ ಏರಿ ಹೋಗುತ್ತದೆ. ನಮಗೆ ಬೇಕಾದ್ದು ಆ ವ್ಯತ್ಯಾಸ ಎರಡು ಡಿಗ್ರಿ ದಾಟಬಾರದು ಎಂಬುದು. ಓಡಿಸುವ ಶಕ್ತಿಯನ್ನು ನಾವೇ ಕಡಿಮೆ ಇಟ್ಟುಕೊಂಡಿದ್ದೇವೆ, ಹಾಗಾಗಿ ತೆರಪೇ ದೊಡ್ಡದಾಗಬೇಕು.

ಕಿಟಕಿಯ ಹೊಸ್ತಿಲು ನೆಲದಿಂದ 0.75 ಮೀಟರ್ ಎತ್ತರದಲ್ಲಿದ್ದರೆ ಬೆಂಚಿನಲ್ಲಿ ಕೂತ ಮಕ್ಕಳ ಮೈಗೆ ಗಾಳಿ ತಾಗುತ್ತದೆ. ನಮ್ಮ ಕಿಟಕಿಯ ತಲೆ ಆಗ 2.25 ಮೀಟರಿಗೆ ಬರುತ್ತದೆ. ತಾರಸಿ ಇರುವುದು 3.6ರಲ್ಲಿ. ನಡುವಿನ ಒಂದೂಕಾಲು ಮೀಟರಿಗಿಂತ ದಪ್ಪನೆಯ ಪದರದಲ್ಲಿ ಬಿಸಿ ಗಾಳಿ ಸೇರಿಕೊಂಡು ಹೊರಹೋಗಲಾರದೆ ಕೂರುತ್ತದೆ. ಹೆಂಚಿನ ಮಾಡಿನ ಶಾಲೆಗಳಲ್ಲಿ ಈ ತೊಂದರೆ ಅಷ್ಟಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಶಾಲೆಗಳು ಆ ಹೆಂಚಿನಡಿ ಬೆಳೆದವು. ಮುಚ್ಚಿಗೆ ಇಲ್ಲದ ಮಾಡಿನಲ್ಲಿ ಹೆಂಚಿನ ಸಂದುಗಳೇ ಬಿಸಿ ಗಾಳಿಗೆ ದಾರಿ. ತಾರಸಿ ಬಂದಾಗ ಆ ಸಂದುಗಳು ಹೋದವು. ಅವುಗಳ ಬದಲಿಗೆ ಬರಬೇಕಾದ ಗವಾಕ್ಷಿಗಳು ಹಲವು ಕಡೆ ಬರಲೇ ಇಲ್ಲ, ಬಂದಲ್ಲಿ ಗಾಜು ಬಿಗಿದು ಬೆಳಕಿಗಷ್ಟೇ ಉಳಿದವು.

ತಾರಸಿಯ ಕೆಳಗೆ, 3.3 ಮೀಟರ್ ಎತ್ತರದಲ್ಲಿ ಗವಾಕ್ಷಿಗಳ ಸಾಲೊಂದನ್ನು ಇಟ್ಟರೆ ಕಿಟಕಿಯ ನಡುಮಟ್ಟದಿಂದ h 1.8 ಮೀಟರ್ ಸಿಗುತ್ತದೆ. ಎರಡು ಡಿಗ್ರಿ ವ್ಯತ್ಯಾಸಕ್ಕೆ ಸೂತ್ರ ಹಾಕಿದರೆ ಉಸಿರಿಗೆ ಬೇಕಾದ 0.3 ಘನ ಮೀಟರಿಗೆ 1.4 ಚದರ ಮೀಟರ್ ಸಾಕು. ಧೂಳು, ಜೇಡರ ಬಲೆ, ಹಕ್ಕಿ ತಡೆಯುವ ಜಾಲರಿ ಎಲ್ಲಕ್ಕೂ ಪಾಲು ಕೊಟ್ಟು ಎರಡು ಚದರ ಮೀಟರ್ ಎಂದು ಹಿಡಿಯುವುದು ಲೇಸು. ಆಗ ಮಳೆಗಾಲದಲ್ಲಿ ಇರಚಲು ಹೊಡೆದು ಪಡುವಣದ ಕಿಟಕಿಗಳನ್ನೆಲ್ಲ ಮುಚ್ಚಿದರೂ, ಜಗಲಿಯ ಕಿಟಕಿಗಳು ಮತ್ತು ಈ ಗವಾಕ್ಷಿಗಳು ಸೇರಿ ಉಸಿರಿನ ಗಾಳಿಯನ್ನು ಕೊಡುತ್ತವೆ.

ಗಾಳಿ ನಿಂತ ಬೆಳಗಿನ ಸೆಕೆಗೆ ಇದರಿಂದ ಎಷ್ಟು ಲಾಭ? ಎತ್ತರದ ಕಿಟಕಿ ತಾನೊಂದೇ ಇದ್ದರೂ ಕೆಳಭಾಗದಿಂದ ತಂಪು ಗಾಳಿ ಒಳಗೆ ಬಂದು ಮೇಲ್ಭಾಗದಿಂದ ಬಿಸಿಯದು ಹೊರಗೆ ಹೋಗುತ್ತದೆ. ಆ ಹರಿವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಕದ ಪೂರ್ತಿ ತೆರೆಯುವ ಒಂಬತ್ತು ಕಿಟಕಿಗಳಿರುವ ಕೋಣೆ ಗವಾಕ್ಷಿ ಇಲ್ಲದೆ ಹೊರಗಿಗಿಂತ 2.8 ಡಿಗ್ರಿ ಬಿಸಿಯಾಗುತ್ತದೆ, ಗವಾಕ್ಷಿಯಿದ್ದರೆ 2.2. ವ್ಯತ್ಯಾಸ ಸಣ್ಣದು. ಅದೇ ಒಂಬತ್ತು ಕಿಟಕಿಗಳು ಸ್ಲೈಡಿಂಗ್ ಆಗಿದ್ದು ಪರದೆ ಹೊದ್ದಿದ್ದರೆ ಗವಾಕ್ಷಿಯಿಲ್ಲದ ಕೋಣೆ ಆರು ಡಿಗ್ರಿ ಬಿಸಿಯಾಗುತ್ತದೆ, ಗವಾಕ್ಷಿಯಿದ್ದರೆ ಮೂರೂವರೆ. ಕಿಟಕಿ ಎಷ್ಟು ಬಡವಾಗಿದೆಯೋ ಗವಾಕ್ಷಿಯ ಬೆಲೆ ಅಷ್ಟು ಹೆಚ್ಚು. ಈಗಾಗಲೇ ಕಟ್ಟಿ ಮುಗಿಸಿದ, ಸ್ಲೈಡಿಂಗ್ ಹಾಕಿಸಿಕೊಂಡು ಪಶ್ಚಾತ್ತಾಪಪಡುತ್ತಿರುವ ಶಾಲೆಗಳು ಮೊದಲು ಕೈಹಾಕಬೇಕಾದ್ದು ಇಲ್ಲಿಗೇ.

ಗವಾಕ್ಷಿಯನ್ನು ಯಾವ ಗೋಡೆಯಲ್ಲಿ ಇಡಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಎರಡು ಡಿಗ್ರಿ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಎಷ್ಟು ಕ್ಷೀಣವೆಂದರೆ, ಮೈಗೆ ತಾಗಿಯೂ ತಾಗದಂಥ ಒಂದು ಮೀಟರ್ ವೇಗದ ಗಾಳಿ ಎದುರಿನಿಂದ ಬೀಸಿದರೂ ಅದನ್ನು ಅಳಿಸಿಹಾಕಬಲ್ಲದು. ಗವಾಕ್ಷಿ ಪಡುವಣಕ್ಕೆ ಮಾತ್ರ ಇದ್ದರೆ ಪಡುಗಾಳಿ ಏಳುವ ಹೊತ್ತಿಗೆ ಅದರಿಂದ ಗಾಳಿ ಒಳನುಗ್ಗಿ, ಮೇಲೆ ಸೇರಿದ ಬಿಸಿಯನ್ನು ಮಕ್ಕಳ ತಲೆಯ ಮೇಲಕ್ಕೆ ತಳ್ಳುತ್ತದೆ. ಮೂಡಣ ಗೋಡೆಯಲ್ಲಿ, ಜಗಲಿಯ ಮಾಡಿಗಿಂತ ಮೇಲೆ ಇಟ್ಟರೆ ಪಡುಗಾಳಿಯೂ ಬಿಸಿಯ ಏರಿಕೆಯೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹಾಗೆ ಎರಡೂ ಸೇರಿದಾಗಲೂ ಹರಿವುಗಳನ್ನು ನೇರವಾಗಿ ಕೂಡಬಾರದು. ಕೂಡುವುದು ಒತ್ತಡಗಳು, ಹರಿವು ಅವುಗಳ ವರ್ಗಮೂಲ. ಗಾಳಿಯಿಂದ 1.8, ಬಿಸಿಯಿಂದ 0.44 ಎಂದಾದರೆ ಒಟ್ಟು 1.85 ಅಷ್ಟೇ. ಪಡುಗಾಳಿ ಬೀಸುವಾಗ ಗವಾಕ್ಷಿಯ ಪಾಲು ನಗಣ್ಯ.

ತೆರಪು ದೊಡ್ಡದು ಮಾಡುವುದಕ್ಕೂ ಒಂದು ಮಿತಿ ಇದೆ, ಅದರಾಚೆಗೆ ಶಾಖವನ್ನೇ ತಗ್ಗಿಸಬೇಕು. ಬುರ್ಕಿನಾ ಫಾಸೋದ ಗಾಂಡೋ ಎಂಬ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ತನ್ನ ಊರಿಗೇ ಕಟ್ಟಿಕೊಟ್ಟ ಪ್ರಾಥಮಿಕ ಶಾಲೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಣ್ಣಿನ ಇಟ್ಟಿಗೆಯ ಗೋಡೆ, ಅದೇ ಇಟ್ಟಿಗೆಯ ಮುಚ್ಚಿಗೆ. ತಗಡಿನ ಮಾಡು ಮಾತ್ರ ಅದಕ್ಕೆ ಅಂಟಿಕೊಳ್ಳದೆ ಕಬ್ಬಿಣದ ಸರಳುಗಳ ಮೇಲೆ ಎತ್ತರದಲ್ಲಿ ನಿಂತಿದೆ. ಬಿಸಿಲಿಗೆ ಕಾಯುವುದು ತಗಡು, ಅದರ ಶಾಖವನ್ನು ನಡುವಿನ ತೆರಪಿನಲ್ಲಿ ಓಡುವ ಗಾಳಿ ಒಯ್ಯುತ್ತದೆ, ಮುಚ್ಚಿಗೆಯ ತೂತುಗಳಿಂದ ಕೋಣೆಯ ಬಿಸಿ ಗಾಳಿಯೂ ಅಲ್ಲಿಗೇ ಏರುತ್ತದೆ. ಈ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು, ಕೆರೆಗೆ 2022ರಲ್ಲಿ ಪ್ರಿಟ್ಸ್‌ಕರ್. ನಮ್ಮ ಕರಾವಳಿಯಲ್ಲೂ ಸೋರುವ ತಾರಸಿಯ ಮೇಲೆ ತಗಡಿನ ಮಾಡು ಕಟ್ಟಿಸುವುದು ಸಾಮಾನ್ಯ. ಅದರ ಪಕ್ಕಗಳನ್ನು ಮುಚ್ಚದೆ ತೆರೆದು ಬಿಟ್ಟರೆ ಅದೇ ನೆರಳಿನ ಕೆಲಸ ಮಾಡುತ್ತದೆ. ತಾರಸಿಯ 1900 ವಾಟ್ ಅರ್ಧಕ್ಕೆ ಇಳಿದರೂ, ಗೋಡೆಯೊಂದಕ್ಕೆ ಆರು ಚದರ ಮೀಟರ್ ಬೇಕಾಗಿದ್ದ ತೆರಪು ನಾಲ್ಕೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಒಂದು ಕಿಟಕಿ ಕಮ್ಮಿ.

ಎಷ್ಟೇ ತೆರೆದರೂ ಕೋಣೆ ಹೊರಗಿಗಿಂತ ತಂಪಾಗದು ಎಂಬುದನ್ನೂ ಮರೆಯುವಂತಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಸೇರಿರುವ ಭಾರತೀಯ ಹಿತೋಷ್ಣ ಮಾದರಿಯ ಪ್ರಕಾರ, ಹೊರಗಿನ ಸರಾಸರಿ 29 ಡಿಗ್ರಿ ಇರುವ ದಿನಗಳಲ್ಲಿ, ಕಿಟಕಿ ತೆರೆದ ಕಟ್ಟಡದಲ್ಲಿ ಹೆಚ್ಚಿನವರು ಒಪ್ಪುವ ಮಿತಿ 31ರ ಹತ್ತಿರ. ಬೆಳಗ್ಗೆ ಹತ್ತಕ್ಕೆ ಹೊರಗೆ 29 ಇದ್ದರೆ ನಮ್ಮ ಒಳ್ಳೆಯ ತರಗತಿ 31ರಲ್ಲಿ ಮಿತಿಯ ಅಂಚಿಗೆ ನಿಲ್ಲುತ್ತದೆ, ಸ್ಲೈಡಿಂಗ್ ತರಗತಿ 35ಕ್ಕೆ ಹೋಗುತ್ತದೆ. ಮಧ್ಯಾಹ್ನ ಹೊರಗೇ 33 ಇರುವಾಗ ಇಬ್ಬರಿಗೂ ಫ್ಯಾನ್ ಬೇಕು. ಅದು ಗಾಳಿ ಬದಲಿಸುವುದಿಲ್ಲ, ಆದರೆ ಮೈಮೇಲೆ ಹಾಯುವ ಗಾಳಿಯಿಂದ ಎರಡು ಮೂರು ಡಿಗ್ರಿ ಕಮ್ಮಿಯಾದಂತೆ ಅನಿಸುತ್ತದೆ.

ಕಟ್ಟಿ ಮುಗಿದ ಕೋಣೆಯಲ್ಲಿ ಲೆಕ್ಕ ಫಲಿಸಿದೆಯೇ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಮೊದಲನೆಯದಕ್ಕೆ ಒಂದು ಊದುಬತ್ತಿ ಸಾಕು. ಗಾಳಿಯಿಲ್ಲದ ಬೆಳಗ್ಗೆ, ಮಕ್ಕಳು ತುಂಬಿರುವಾಗ, ಉದ್ದದ ಕೋಲಿಗೆ ಕಟ್ಟಿ ಗವಾಕ್ಷಿಯ ಬಳಿ ಹಿಡಿದರೆ ಹೊಗೆ ಹೊರಗೆ ಎಳೆದುಕೊಳ್ಳಬೇಕು. ಒಳಗೆ ಮರಳಿದರೆ ಗವಾಕ್ಷಿ ತಪ್ಪು ಗೋಡೆಯಲ್ಲಿದೆ, ಅಲ್ಲಾಡದೆ ನಿಂತರೆ ಕೆಳಗಿನ ಕಿಟಕಿ ಮುಚ್ಚಿದೆ ಅಥವಾ ಜಾಲರಿ ಕಟ್ಟಿಕೊಂಡಿದೆ.

ಎರಡನೆಯದಕ್ಕೆ ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಬೇಕು. ಬೆಲ್ ಆಗಿ ಮಕ್ಕಳು ಹೊರಗೆ ಹೋದ ತಕ್ಷಣ, ಕಿಟಕಿ ಬಾಗಿಲುಗಳನ್ನು ಇದ್ದ ಹಾಗೆಯೇ ಬಿಟ್ಟು, ಮೀಟರಿನ ಅಂಕಿಯಿಂದ ಹೊರಗಿನ 420ನ್ನು ಕಳೆದು ಬರೆದಿಡಬೇಕು. ಆ ಉಳಿಕೆ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು ಎಂಬುದೇ ಉತ್ತರ. ನಮ್ಮ ಅಳತೆಯ ಕೋಣೆಗೆ ಉಸಿರಿನ ಗಾಳಿ ಸಾಕಷ್ಟಿದ್ದರೆ ಆರೂವರೆ ಏಳು ನಿಮಿಷದಲ್ಲಿ ಅರ್ಧವಾಗುತ್ತದೆ, ಸೆಕೆ ಕಳೆಯುವಷ್ಟಿದ್ದರೆ ಎರಡು ನಿಮಿಷದ ಆಚೀಚೆ. ಮಕ್ಕಳು ಹೋದ ಮೇಲೆ ಶಾಖವೂ ತಗ್ಗುವುದರಿಂದ ಗಾಳಿ ನಿಂತ ದಿನ ಇದು ಸ್ವಲ್ಪ ನಿಧಾನವೇ ಆಗುತ್ತದೆ, ಅಷ್ಟು ರಿಯಾಯಿತಿ ಕೊಡಬಹುದು. ಹದಿನೈದು ನಿಮಿಷವಾದರೂ ಅರ್ಧಕ್ಕೆ ಇಳಿಯದಿದ್ದರೆ ಮೊದಲು ಪರದೆಗಳನ್ನು ತೊಳೆದು, ಜಗಲಿಯ ಬಾಗಿಲು ತೆರೆದಿಟ್ಟು ಮತ್ತೆ ಅಳೆಯಬೇಕು. ಆಗಲೂ ಬದಲಾಗದಿದ್ದರೆ ಮೂಡಣ ಗೋಡೆಯಲ್ಲಿ ಗವಾಕ್ಷಿಗೆ ಜಾಗ ಗುರುತಿಸಿ ಗಾರೆಯವರನ್ನು ಕರೆಯಬೇಕು.